ಫೋಟೊ ನೋಡಿ ಸೊಳ್ಳೆ ತಾಣ ಪತ್ತೆ ಮಾಡುವುದು ಹೇಗೆ?

ಡೆಂಗಿ ಹರಡುವ ಈಡಿಸ್ ಸೊಳ್ಳೆ ಚರಂಡಿ ಹುಡುಕಿಕೊಂಡು ಹೋಗುವುದು ಕಡಿಮೆ. ಮನೆಯ ಡ್ರಮ್ಮು, ಕುಂಡದ ತಟ್ಟೆಯ ತಿಳಿನೀರು ಅದಕ್ಕೆ ಸಾಕು. ಅದರ ಮೊಟ್ಟೆ ತೀರಾ ಸಣ್ಣದು, ಸಾಮಾನ್ಯ ಫೋಟೊದಲ್ಲಿ ಕಾಣುವುದಿಲ್ಲ. ನಿಂತ ನೀರು ಮಾತ್ರ ಚೆನ್ನಾಗಿಯೇ ಗುರುತು ಬಿಟ್ಟಿರುತ್ತದೆ.

ಮೊದಲು ಫೋಟೊ ತೆಗೆಯಿರಿ. ಮಳೆ ನಿಂತು ಎರಡು ಮೂರು ದಿನ ಬಿಡಿ. ಅದೇ ದಿನ ತೆಗೆದರೆ ಎಲ್ಲವೂ ಒದ್ದೆಯಾಗಿಯೇ ಕಾಣುತ್ತದೆ, ಅಲ್ವಾ? ಅಂಗಳ, ತಾರಸಿಯ ಇಡೀ ನೋಟ ಒಂದೊಂದು ಬೇಕು. ಆಮೇಲೆ ಪ್ರತಿ ಪಾತ್ರೆಯನ್ನೂ ನೇರ ಮೇಲಿನಿಂದ ತೆಗೆಯಿರಿ. ನಿಂತ ಎತ್ತರದಿಂದ ಓರೆಯಾಗಿ ತೆಗೆದರೆ ಬಕೆಟ್ಟಿನ ಅಂಚು ಒಳಗಿನ ನೀರನ್ನು ಮರೆಮಾಡುತ್ತದೆ. ಕೆಳಗಿನಿಂದ ಕಾಣದ ಸಜ್ಜಾವನ್ನು ತಾರಸಿಯಿಂದ ಬಗ್ಗದೆ, ಕೈಯಷ್ಟೇ ಚಾಚಿ ತೆಗೆಯಿರಿ.

ಈಗ ಹಿಗ್ಗಿಸಿ ನೋಡಿ. ಉದಾಹರಣೆಗೆ, ಅಂಗಳದ ಒಂದು ಫೋಟೊದಲ್ಲಿ ನೀಲಿ ಡ್ರಮ್ಮು ಇದೆ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದಾರೆ. ಮುಚ್ಚಿದೆಯಲ್ಲ ಎಂದು ಮುಂದೆ ಹೋಗುವವರೇ ಜಾಸ್ತಿ. ಆದರೆ ಹಾಳೆಯ ನಡುವೆ ಬಿಳಿಯ ಹೊಳಪಿದೆ, ಅದರಲ್ಲಿ ತೆಂಗಿನ ಗರಿಯ ಪ್ರತಿಬಿಂಬ ತಲೆಕೆಳಗಾಗಿ ಮೂಡಿದೆ. ಹಾಳೆ ಜೋತುಬಿದ್ದು ಮಳೆನೀರು ನಿಂತಿದೆ. ಡ್ರಮ್ಮಿನೊಳಗೆ ಏನೂ ಇಲ್ಲದಿರಬಹುದು, ಮುಚ್ಚಳವೇ ತಾಣ! ಹಾಳೆಯನ್ನು ಬಿಗಿಯಾಗಿ ಎಳೆದು ಕಟ್ಟಬೇಕು.

ಪಕ್ಕದ ಒರಳುಕಲ್ಲು ಒಣಗಿದೆ. ಆದರೆ ಗುಳಿಯ ಒಳಗೋಡೆಯಲ್ಲಿ ಬಳೆಯಂತೆ ಕಲೆ ಕಾಣುತ್ತದೆ. ಅಲ್ಲಿಯವರೆಗೆ ನೀರು ಇತ್ತು ಎಂದರ್ಥ. ಈಡಿಸ್ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಒದ್ದೆ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ನೀರಿಲ್ಲದೆ ತಿಂಗಳುಗಟ್ಟಲೆ ಉಳಿಯುವ ಮೊಟ್ಟೆಗಳು ಮತ್ತೆ ನೀರು ಮುಟ್ಟಿದಾಗ ಒಡೆಯುತ್ತವೆ. ಸುಮ್ನೆ ನೀರು ಚೆಲ್ಲಿದರೆ ಆಗದು, ಬ್ರಷ್ಷಿನಿಂದ ಒಳಗೋಡೆ ಉಜ್ಜಬೇಕು.

ತಾರಸಿಯಲ್ಲಿ ಮಳೆನೀರು ಇಳಿಯುವ ಕೊಳವೆಯ ಬಾಯಿ ನೋಡಿ. ಅದರ ಸುತ್ತ ಎಲೆ, ಪಾಚಿ ಕಪ್ಪಗೆ ಕಂಡರೆ ನೀರು ಅಲ್ಲಿ ಕಟ್ಟಿಕೊಳ್ಳುತ್ತಿದೆ.

ಅನುಮಾನ ಬಂದಲ್ಲಿ ವಿಡಿಯೊ. ಸ್ಥಿರಚಿತ್ರದಲ್ಲಿ ಲಾರ್ವಾ ಯಾವುದು, ಕಸ ಯಾವುದು ಹೇಳುವುದು ಕಷ್ಟ. ವಿಡಿಯೊ ಶುರುಮಾಡಿ ಪಾತ್ರೆಯನ್ನು ಮೆಲ್ಲಗೆ ತಟ್ಟಿ. ಲಾರ್ವಾಗಳು ನುಲಿಯುತ್ತಾ ತಳಕ್ಕಿಳಿದು, ಉಸಿರಿಗಾಗಿ ಮತ್ತೆ ಮೇಲೆ ಬರುತ್ತವೆ. ಅಲ್ಪವಿರಾಮದ ಆಕಾರದಲ್ಲಿ ಬಾಗಿದವು ಕಂಡರೆ ಅವು ಪ್ಯೂಪಾ, ಎರಡು ಮೂರು ದಿನದಲ್ಲಿ ಹಾರಲು ಸಿದ್ಧ. ಆ ನೀರನ್ನು ಒಣನೆಲಕ್ಕೆ ಸುರಿಯಿರಿ, ಚರಂಡಿಗೆ ಬೇಡ.

ಸಂಪು, ಓವರ್‌ಹೆಡ್ ಟ್ಯಾಂಕಿನ ಒಳಗು ಫೋಟೊದಲ್ಲಿ ಬರೀ ಕತ್ತಲು. ಅಲ್ಲಿ ನೋಡಬೇಕಾದ್ದು ಮುಚ್ಚಳದ ಸಂದು, ಗಾಳಿ ಕೊಳವೆಗೆ ಕಟ್ಟಿದ ಬಲೆ. ಫ್ರಿಜ್ಜಿನ ಹಿಂದಿನ ತಟ್ಟೆಯನ್ನು ಮಾತ್ರ ಕೈಯಿಂದಲೇ ಎಳೆದು ನೋಡಬೇಕು. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ಅದಕ್ಕೇ ವಾರಕ್ಕೊಮ್ಮೆ ಅದೇ ಜಾಗದಲ್ಲಿ ನಿಂತು ಫೋಟೊ ತೆಗೆದು, ಹಳೆಯದರ ಪಕ್ಕದಲ್ಲಿಟ್ಟು ನೋಡಿ.