ಹಿಮೋಗ್ಲೋಬಿನ್ ಸರಿ ಇತ್ತು, ಪಾದ ಮಾತ್ರ ಜೋಮು

ವಿಟಮಿನ್ ಬಿ12 ಕೊರತೆ ನನ್ನ ನರಕ್ಕೆ ತಾಗಿದೆ ಅನ್ನೋ ಸುಳಿವು ಮೊದಲು ಸಿಕ್ಕಿದ್ದು ಕಾಲುಸಂಕದ ಮೇಲೆ. ತೀರ್ಥಹಳ್ಳಿ ಕಡೆ ನಮ್ಮ ಮನೆಯಿಂದ ತೋಟಕ್ಕೆ ಹೋಗೋಕೆ ಹಳ್ಳ ದಾಟಬೇಕು, ಆ ಎರಡು ಅಡಿಕೆ ದಬ್ಬೆ ಮೇಲೆ ಚಿಕ್ಕಂದಿನಿಂದ ಓಡಾಡಿದವನು ನಾನು. ಹೋದ ದೀಪಾವಳಿಗೆ ಊರಿಗೆ ಹೋದಾಗ ಮುಸ್ಸಂಜೆಯಲ್ಲಿ ದಾಟುತ್ತಿದ್ದೆ, ಪಾದ ಎಲ್ಲಿ ಊರಿದ್ದೇನೆ ಅಂತಲೇ ತಿಳಿಯಲಿಲ್ಲ. ಕೂತು ದಾಟಿದೆ. ಬೆಳಿಗ್ಗೆ ಅದೇ ಸಂಕ ಆರಾಮಾಗಿ ದಾಟಿದೆ. ಕಣ್ಣಿಗೆ ಕಾಲು ಕಾಣುತ್ತಿದ್ದರೆ ತೊಂದರೆಯಿಲ್ಲ, ಕಾಣದಿದ್ದರೆ ತೂರಾಟ. ಮುಖ ತೊಳೆಯುವಾಗ ಕಣ್ಣು ಮುಚ್ಚಿದರೂ ಹಾಗೇ.

ಜೋಮು ಅದಕ್ಕೂ ಮೊದಲೇ ಇತ್ತು. ಶಿವಮೊಗ್ಗದಲ್ಲಿ ಜಿಮ್‌ಗೆ ಹೋಗುತ್ತೇನೆ, ಸ್ಕ್ವಾಟ್ ಜಾಸ್ತಿ ಮಾಡಿದ್ದಕ್ಕೆ ಅಂದುಕೊಂಡೆ, ಆಮೇಲೆ ಶೂ ಬಿಗಿ ಅಂದುಕೊಂಡೆ. ಆದರೆ ಎರಡೂ ಪಾದ ಒಂದೇ ಸಮ ಜೋಮು ಹಿಡಿಯುತ್ತಿತ್ತು. ಸೊಂಟದ ನರ ಒತ್ತಿದರೆ ಸಾಮಾನ್ಯವಾಗಿ ಒಂದು ಕಾಲಿಗೆ ಇಳಿಯುತ್ತದೆ, ಅದನ್ನು ಆಗಲೇ ಗಮನಿಸಬೇಕಿತ್ತು. ನಾಲಿಗೆ ಬೇರೆ ಕೆಂಪಾಗಿ, ಮಿಡಿ ಉಪ್ಪಿನಕಾಯಿ ತಾಗಿದರೆ ಉರಿ.

ಮೊದಲ ಸಲ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 13.8, ಎಂಸಿವಿ ಅಂದರೆ ಕೆಂಪು ರಕ್ತಕಣದ ಸರಾಸರಿ ಗಾತ್ರ 89, ಎರಡೂ ನಾರ್ಮಲ್. 'ರಕ್ತ ಚೆನ್ನಾಗಿದೆ, ಸುಮ್ನೆ ರೆಸ್ಟ್ ತಗೊಳ್ಳಿ' ಅಂದರು ಡಾಕ್ಟರು. ಮೂರು ತಿಂಗಳು ಹೀಗೇ ಹೋಯಿತು. ನಮ್ಮಂಥ ಸಸ್ಯಾಹಾರಿಗಳಿಗೆ ಮೋಸ ಆಗುವುದು ಇಲ್ಲೇ. ಬಿ12 ಕಮ್ಮಿಯಾದರೆ ರಕ್ತಕಣ ದೊಡ್ಡದಾಗಬೇಕು, ಎಂಸಿವಿ ಏರಬೇಕು. ಆದರೆ ಬಸಳೆ, ಹರಿವೆ, ಹೆಸರುಕಾಳು ಅಂತ ದಿನಾ ತಿನ್ನುವವರಿಗೆ ಫೋಲೇಟ್ ಅನ್ನೋ ಇನ್ನೊಂದು ಬಿ ವಿಟಮಿನ್ ಬೇಕಾದಷ್ಟು ಸಿಗುತ್ತದೆ, ಅದು ರಕ್ತದ ಮಟ್ಟಿಗೆ ಕೊರತೆಯನ್ನು ಮುಚ್ಚಿಬಿಡಬಹುದು. ನರಕ್ಕೆ ಅದರಿಂದ ಏನೂ ಉಪಯೋಗವಿಲ್ಲ. ಜೊತೆಗೆ ಕಬ್ಬಿಣದ ಕೊರತೆಯೂ ಇದ್ದರೆ ಕಣ ಚಿಕ್ಕದಾಗಿ, ಎರಡೂ ಸೇರಿ ಎಂಸಿವಿ ನಾರ್ಮಲ್ ಅಂತ ತೋರಿಸುತ್ತದೆ.

ಎರಡನೇ ಡಾಕ್ಟರು ವರದಿ ನೋಡುವ ಮೊದಲು ನನ್ನ ಸಾಕ್ಸ್ ಬಿಚ್ಚಿಸಿದರು. ಕಬ್ಬಿಣದ ಕವೆಯಂಥ ಟ್ಯೂನಿಂಗ್ ಫೋರ್ಕ್ ಅಂಗೈಗೆ ತಟ್ಟಿ ಹೆಬ್ಬೆರಳ ಗಂಟಿನ ಮೇಲೆ ಇಟ್ಟರು. 'ಅದುರುತ್ತಿದೆಯಾ?' ಇಲ್ಲ, ಸುಮ್ಮನೆ ತಣ್ಣಗಿತ್ತು. ಅದನ್ನೇ ಕೈ ಮೇಲಿಟ್ಟರೆ ಜುಮ್ ಅಂತ ಅದುರಿತು.

ಬಿ12 ಬಂದಿದ್ದು ಮಿಲಿಗೆ 236 ಪಿಕೋಗ್ರಾಂ. ಲ್ಯಾಬಿನ ಕೆಳಮಿತಿ 200, ಹಾಗಾಗಿ ಕೆಂಪು ಗುರುತೇ ಇರಲಿಲ್ಲ. 200ರಿಂದ 300ರ ನಡುವೆ ಬಂದರೆ ಏನೂ ಖಚಿತವಾಗಿ ಹೇಳೋಕಾಗಲ್ಲ ಅಂತ ಡಾಕ್ಟರು ಹೋಮೋಸಿಸ್ಟೀನ್ ಪರೀಕ್ಷೆ ಮಾಡಿಸಿದರು, ಬಿ12 ಅಥವಾ ಫೋಲೇಟ್ ಕಮ್ಮಿಯಾದರೆ ರಕ್ತದಲ್ಲಿ ಅದು ಏರುತ್ತದೆ. 34 ಬಂತು, 15ರ ಒಳಗಿರಬೇಕಿತ್ತು. ಫೋಲೇಟ್ ಸರಿ ಇದ್ದಿದ್ದರಿಂದ ಬೆರಳು ಬಿ12 ಕಡೆಗೇ ತೋರಿಸಿತು. ನಾನು ಮಾಡಿದ ಇನ್ನೊಂದು ತಪ್ಪು ಅಂದರೆ ಪರೀಕ್ಷೆಗೆ ಮೊದಲೇ ಮಲ್ಟಿವಿಟಮಿನ್ ನುಂಗುತ್ತಿದ್ದೆ. ಅದರಿಂದ ಸಂಖ್ಯೆ ಸ್ವಲ್ಪ ಮೇಲೆ ಬರುತ್ತದೆ, ಕೊರತೆ ಹಾಗೇ ಇರುತ್ತದೆ. ಮೊದಲು ರಕ್ತ ಕೊಡಿ, ಆಮೇಲೆ ಮಾತ್ರೆ.

'ಹಾಲು ಕುಡೀತೀನಲ್ವಾ' ಅಂದೆ. ಲೆಕ್ಕ ಹಾಕಿಸಿದರು. 100 ಮಿಲಿ ಹಾಲಿನಲ್ಲಿ ಬಿ12 ಅರ್ಧ ಮೈಕ್ರೋಗ್ರಾಂ ಆಸುಪಾಸು. ಎರಡು ಕಾಫಿಯ ಹಾಲು, ನೀರುಮಜ್ಜಿಗೆ ಎಲ್ಲಾ ಸೇರಿಸಿದರೂ ನನಗೆ ದಿನಕ್ಕೆ ಒಂದು ಮೈಕ್ರೋಗ್ರಾಂ ಆಗಲ್ಲ, ಬೇಕಿರುವುದು ಎರಡರ ಮೇಲೆ. ಮನೆಯಲ್ಲಿ ಹಸು ಇದ್ದಾಗ ಲೋಟಗಟ್ಟಲೆ ಕುಡಿಯುತ್ತಿದ್ದೆ. ಕೊಟ್ಟಿಗೆ ಖಾಲಿಯಾಗಿ ಆರು ವರ್ಷ ಆಯಿತು. ಪಿತ್ತಜನಕಾಂಗದಲ್ಲಿ ಕೂಡಿಟ್ಟಿದ್ದು ವರ್ಷಗಟ್ಟಲೆ ಬರುತ್ತದೆ, ಅದಕ್ಕೇ ಇಷ್ಟು ತಡವಾಗಿ ಕಾಣಿಸಿದ್ದು.

ನರಕ್ಕೆ ತಾಗಿದ್ದರಿಂದ ಮೊದಲು 1000 ಮೈಕ್ರೋಗ್ರಾಂ ಇಂಜೆಕ್ಷನ್, ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಈಗ ದಿನಾ ಮಾತ್ರೆ. ಮಾತ್ರೆ 1000 ಅಂತಿದ್ದರೂ ಒಳಗೆ ಹೋಗುವುದು ಹತ್ತು ಚಿಲ್ಲರೆ ಅಷ್ಟೇ, ದೊಡ್ಡ ಡೋಸ್ ಕೊಡುವುದು ಅದಕ್ಕೇ. ಮೂರು ತಿಂಗಳಿಗೆ ಮತ್ತೆ ನೋಡಿಸಿದ್ದು ಹೋಮೋಸಿಸ್ಟೀನ್, 11ಕ್ಕೆ ಇಳಿದಿತ್ತು. ಇಂಜೆಕ್ಷನ್ ಆದಮೇಲೆ ಬಿ12 ಹೇಗೂ ಆಕಾಶದಲ್ಲಿರುತ್ತದೆ, ಅದನ್ನು ನೋಡಿ ಏನೂ ತಿಳಿಯಲ್ಲ.

ಡಿ ವಿಟಮಿನ್ ಕೂಡ ಕಮ್ಮಿಯೇ, 11 ಇತ್ತು, 20ರ ಕೆಳಗೆ ಕೊರತೆ. ಕೆಳಗೆ ಕೂತು ಏಳುವಾಗ ತೊಡೆ ಸೋಲುತ್ತಿದ್ದಕ್ಕೆ ಅದರ ಪಾಲೂ ಇತ್ತೇನೋ. ಬೆಳಿಗ್ಗೆ ಆರಕ್ಕೆ ಓಡುತ್ತೇನಲ್ಲ ಅಂದರೆ ಆ ಬಿಸಿಲಲ್ಲಿ ಬೇಕಾದ ಕಿರಣವೇ ಇರಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತಲ್ಲಿ ಚರ್ಮಕ್ಕೆ ಬಿಸಿಲು ಬೀಳಬೇಕು. ಆ ಹೊತ್ತಲ್ಲಿ ನಾನು ಆಫೀಸಿನಲ್ಲಿ, ಊರಿಗೆ ಹೋದರೆ ತೋಟದ ನೆರಳಲ್ಲಿ, ಜೂನ್‌ನಿಂದ ಸೆಪ್ಟೆಂಬರ್ ಅಂತೂ ಮೋಡ. 60,000 ಯೂನಿಟ್ಟಿನ ಪುಡಿ ವಾರಕ್ಕೊಂದು, ಎಂಟು ವಾರ, ತುಪ್ಪದ ಊಟದ ಜೊತೆ. ನಮ್ಮ ಭಾವ ಅದೇ ಪುಡಿಯನ್ನು ದಿನಾ ಒಂದು ಅಂತ ಒಂಬತ್ತು ದಿನ ಕುಡಿದು ಆಮೇಲೆ ಗಾಬರಿಯಾಗಿ ಕ್ಯಾಲ್ಸಿಯಂ ಪರೀಕ್ಷೆಗೆ ಓಡಿದ, ಪುಣ್ಯಕ್ಕೆ ಸರಿ ಇತ್ತು. ವಾಂತಿ, ವಿಪರೀತ ಬಾಯಾರಿಕೆ ಶುರುವಾದರೆ ಕ್ಯಾಲ್ಸಿಯಂ ಏರಿದೆ ಅಂತ ಅನುಮಾನ ಪಡಬೇಕು.

ಜೋಮು ಏಳು ತಿಂಗಳಲ್ಲಿ ಹಿಮ್ಮಡಿಯಿಂದ ಬೆರಳ ಕಡೆಗೆ ಸರಿದು ಕಮ್ಮಿಯಾಗುತ್ತಾ ಬಂತು. ಬಲಗಾಲಿನ ಕಿರುಬೆರಳು ಇನ್ನೂ ಸತ್ತಂತೆಯೇ ಇದೆ, ತಡ ಮಾಡಿದ್ದಕ್ಕೆ ಅಷ್ಟು ಉಳಿದರೂ ಉಳಿಯಬಹುದು ಅಂದರು. ಅಮ್ಮನಿಗೆ ಹತ್ತು ವರ್ಷದಿಂದ ಸಕ್ಕರೆಗೆ ಮೆಟ್‌ಫಾರ್ಮಿನ್ ಇದೆ, ಅದೂ ಬಿ12 ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ ಅಂತ ಕೇಳಿ ಅವರದ್ದೂ ಮಾಡಿಸಿದೆ. 142.