ನೀರಿಗೆ ಬಿದ್ದ ಫೋನು, ಅಕ್ಕಿ ಡಬ್ಬ ಮತ್ತು ಒಳಗಿನ ಕಿಲುಬು

ಕಳೆದ ಮಳೆಗಾಲದ ಒಂದು ಸಂಜೆ ನನ್ನ ಅಕ್ಕ ಭಾವನ ಫೋನಿನಿಂದ ಕರೆ ಮಾಡಿ, "ತಮ್ಮಾ, ನನ್ನ ಫೋನಲ್ಲಿ ಚಾರ್ಜ್ ನಿಲ್ಲೋದೇ ಇಲ್ಲ ಕಣೋ. ರಾತ್ರಿ ನೂರು ಇದ್ದಿದ್ದು ಬೆಳಗ್ಗೆ ಏಳೋ ಹೊತ್ತಿಗೆ 65ಕ್ಕೆ ಬಂದಿರುತ್ತೆ. ಒಂದು ಹೊಸ ಬ್ಯಾಟರಿ ಹಾಕಿಕೊಡ್ತೀಯಾ?" ಎಂದು ಕೇಳಿದಳು. ಹನ್ನೊಂದು ವರ್ಷಗಳಿಂದ ಮಲೆನಾಡಿನ ಒಂದು ಸಣ್ಣ ಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡಿಕೊಂಡಿರುವ ನಾನು ಇಂಥ ದೂರು ಕೇಳಿದಾಗ ಬ್ಯಾಟರಿಗಿಂತ ಮೊದಲು ಇನ್ನೊಂದು ವಿಷಯ ವಿಚಾರಿಸುತ್ತೇನೆ. ಫೋನು ಈಚೆಗೆ ನೀರಿಗೇನಾದರೂ ಬಿದ್ದಿತ್ತೇ ಎಂದೆ. ಅವಳು ಸ್ವಲ್ಪ ತಡೆದು, "ಮೂರು ವಾರದ ಹಿಂದೆ ಬಟ್ಟೆ ನೆನೆಸಿದ್ದ ಬಕೆಟ್ಟಿಗೆ ಬಿದ್ದಿತ್ತು. ಆದ್ರೆ ಎರಡು ದಿನ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೆ, ಪೂರ್ತಿ ಸರಿಯಾಗಿತ್ತಲ್ಲ" ಎಂದಳು.

ಆ ಫೋನನ್ನು ಬಿಚ್ಚಿದಾಗ ನಾನು ಕಂಡದ್ದನ್ನು ವಿವರಿಸುವ ಮೊದಲು, ನೀರು ಒಳಗೆ ಏನು ಮಾಡುತ್ತದೆ ಎಂಬುದನ್ನು ಹೇಳಬೇಕು. ಶುದ್ಧವಾದ ನೀರು ವಿದ್ಯುತ್ತನ್ನು ಬಹಳ ಕಡಿಮೆ ಹರಿಸುತ್ತದೆ. ಆದರೆ ನಮ್ಮ ಬಾವಿಯ, ಬೋರಿನ, ನಲ್ಲಿಯ ನೀರಿನಲ್ಲೆಲ್ಲ ಲವಣಗಳು ಕರಗಿರುತ್ತವೆ, ಸೋಪಿನ ಪುಡಿಯ ನೀರಿನಲ್ಲಿ ಅದರ ಜೊತೆಗೆ ಸೋಡಾ ಕೂಡ ಇರುತ್ತದೆ. ಇಂಥ ನೀರು ಫೋನಿನೊಳಗಿನ ಸರ್ಕಿಟ್ ಬೋರ್ಡಿನ ಮೇಲೆ ಒಂದಕ್ಕೊಂದು ಅಂಟಿಕೊಂಡಂತಿರುವ ಎರಡು ಬಿಂದುಗಳ ನಡುವೆ ನಿಂತು, ಆ ಬಿಂದುಗಳಲ್ಲಿ ಒಂದಕ್ಕೆ ಬ್ಯಾಟರಿಯ ನಾಲ್ಕು ವೋಲ್ಟ್ ತಲುಪುತ್ತಿದ್ದರೆ, ಗಿಲೀಟು ಹಾಕುವವರ ತೊಟ್ಟಿಯಲ್ಲಿ ನಡೆಯುವ ಕೆಲಸವೇ ಅಲ್ಲಿಯೂ ನಡೆಯುತ್ತದೆ: ಧನ ತುದಿಯ ಲೋಹ ಕರಗಿ ಋಣ ತುದಿಯ ಕಡೆಗೆ ಸಾಗುತ್ತದೆ. ಹಿತ್ತಾಳೆ ಪಾತ್ರೆಗೆ ಕಿಲುಬು ಹಿಡಿಯಲು ತಿಂಗಳುಗಳು ಬೇಕಾದರೆ, ಬ್ಯಾಟರಿ ಜೋಡಿಸಿಕೊಂಡೇ ಇರುವ ಒದ್ದೆ ಫೋನಿನಲ್ಲಿ ಅದು ಗಂಟೆಗಳಲ್ಲೇ ಶುರುವಾಗಿರುತ್ತದೆ. ಫೋನನ್ನು ಆಫ್ ಮಾಡಿದರೆ ಬೋರ್ಡಿನ ಹೆಚ್ಚಿನ ಭಾಗಗಳಿಗೆ ವಿದ್ಯುತ್ ನಿಲ್ಲುತ್ತದೆ, ಆದರೆ ಬ್ಯಾಟರಿಯಿಂದ ನೇರವಾಗಿ ಬರುವ ಮುಖ್ಯ ದಾರಿಯಲ್ಲಿ ಮಾತ್ರ ಅದು ಇದ್ದೇ ಇರುತ್ತದೆ. ಹಿಂದಿನ ಕಾಲದ ಫೋನುಗಳಂತೆ ಉಗುರಿನಿಂದ ಮುಚ್ಚಳ ತೆಗೆದು ಬ್ಯಾಟರಿ ಕಳಚುವ ಅನುಕೂಲ ಈಗ ಇಲ್ಲದಿರುವುದರಿಂದ, ಬೇಗ ರಿಪೇರಿಯವರ ಬಳಿಗೆ ತರುವುದಕ್ಕೆ ಇಷ್ಟು ಮಹತ್ವ ಬಂದಿದೆ.

ಆದ್ದರಿಂದ ಫೋನು ನೀರಿಗೆ ಬಿದ್ದ ಕೂಡಲೇ ನಾನು ಮಾಡುವುದು, ಮಾಡಿ ಎಂದು ಹೇಳುವುದು ಇಷ್ಟೇ. ಚಾರ್ಜರ್ ಚುಚ್ಚಿಕೊಂಡಿರುವಾಗಲೇ ಬಿದ್ದಿದ್ದರೆ ನೀರಿಗೆ ಕೈ ಹಾಕುವ ಮೊದಲು ಗೋಡೆಯ ಸ್ವಿಚ್ ಆರಿಸಬೇಕು. ಫೋನನ್ನು ಎತ್ತಿಕೊಂಡ ತಕ್ಷಣ, ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಲು ಹೋಗದೆ ಪರದೆಯ ಮೇಲಿನ ಆಯ್ಕೆಯಿಂದಲೇ ಆಫ್ ಮಾಡಬೇಕು. ಟಚ್ ಒಪ್ಪಿಕೊಳ್ಳದಿದ್ದರೆ ಗುಂಡಿಗಳನ್ನು ಒತ್ತಿಹಿಡಿಯುತ್ತ ಕೂರಬಾರದು, ಏಕೆಂದರೆ ಬಹಳಷ್ಟು ಫೋನುಗಳು ಹಾಗೆ ಒತ್ತಿಹಿಡಿದರೆ ಆಫ್ ಆಗದೆ ಮತ್ತೆ ಆನ್ ಆಗುತ್ತವೆ. ಅಂಥದ್ದನ್ನು ಹಾಗೆಯೇ ಅಂಗಡಿಗೆ ತರುವುದು ಒಳ್ಳೆಯದು. ಮೇಲಿನ ಕವರ್ ಮತ್ತು ಸಿಮ್ ಟ್ರೇ ತೆಗೆದು, ಹತ್ತಿ ಬಟ್ಟೆಯಿಂದ ಒರೆಸಿ, ಚಾರ್ಜಿಂಗ್ ಪೋರ್ಟ್ ಕೆಳಮುಖವಾಗಿರುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿದರೆ ಪೋರ್ಟಿನ ಮತ್ತು ಸ್ಪೀಕರಿನ ಬಾಯಲ್ಲಿರುವ ನೀರು ಇಳಿಯುತ್ತದೆ. ಅನಂತರ ಅದನ್ನು ಫ್ಯಾನಿನ ಗಾಳಿಗೆ ಇಡಬಹುದು. ಜೋರಾಗಿ ಕೊಡವಿದರೆ ಅಂಚಿನಲ್ಲಿದ್ದ ನೀರು ಕ್ಯಾಮೆರಾದ ಒಳಕ್ಕೆ ಸೇರುತ್ತದೆ, ಹೇರ್ ಡ್ರೈಯರಿನ ಬಿಸಿಗೆ ಅಂಚಿನ ಅಂಟು ಸಡಿಲವಾಗುತ್ತದೆ, ಒಲೆಯ ಪಕ್ಕದಲ್ಲಿಟ್ಟರೆ ಬ್ಯಾಟರಿಗೆ ಅಪಾಯ. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ಚಾರ್ಜಿಗೆ ಹಾಕುವುದು. ನನ್ನ ಮೇಜಿಗೆ ಬರುವ ನೀರಿನ ಕೇಸುಗಳಲ್ಲಿ ಉಳಿಸಿಕೊಳ್ಳಲಾಗದೆ ಹೋಗುವವು ಹೆಚ್ಚಾಗಿ "ಸುಮ್ಮನೆ ಒಮ್ಮೆ ಚಾರ್ಜಿಗೆ ಹಾಕಿ ನೋಡಿದ" ಫೋನುಗಳು.

ಅಕ್ಕಿಯ ವಿಷಯದಲ್ಲಿ ನನಗೂ ಮೊದಲು ಅರ್ಧ ನಂಬಿಕೆ ಇತ್ತು. ಅದಕ್ಕಾಗಿಯೇ ಒಮ್ಮೆ ಗುಜರಿಗೆ ಹಾಕಬೇಕಿದ್ದ ಒಂದೇ ಮಾದರಿಯ ಎರಡು ಫೋನುಗಳ ಬ್ಯಾಟರಿ ತೆಗೆದು, ಸಿರಿಂಜಿನಿಂದ ಎರಡಕ್ಕೂ ಸಮನಾಗಿ ನೀರು ಬಿಟ್ಟು, ಒಂದನ್ನು ಅಕ್ಕಿಯಲ್ಲಿ ಹುಗಿದು, ಇನ್ನೊಂದನ್ನು ಫ್ಯಾನಿನ ಮುಂದೆ ಇಟ್ಟೆ. ಮಾರನೆಯ ದಿನ ಪಕ್ಕದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿದಾಗ ಅಕ್ಕಿಯಲ್ಲಿದ್ದ ಫೋನಿನಲ್ಲೇ ಹೆಚ್ಚು ನೀರು ಉಳಿದಿತ್ತು. ಅಕ್ಕಿ ನಾವು ತಿಳಿದಷ್ಟು ಒಣಗಿದ ವಸ್ತುವಲ್ಲ. ಮನೆಯ ಡಬ್ಬದಲ್ಲಿರುವ ಅಕ್ಕಿಯ ತೂಕದಲ್ಲಿ ಹೆಚ್ಚುಕಡಿಮೆ ಎಂಟನೆಯ ಒಂದು ಭಾಗ ಆಗಲೇ ನೀರಾಗಿರುತ್ತದೆ, ಮಳೆಗಾಲದಲ್ಲಿ ಇನ್ನೂ ಸ್ವಲ್ಪ ಹೆಚ್ಚೇ ಇರಬಹುದು. ಅದು ತನ್ನನ್ನು ಮುಟ್ಟಿದ ನೀರನ್ನು ಮಾತ್ರ ಎಳೆದುಕೊಳ್ಳಬಲ್ಲದು, ದೂರದಲ್ಲಿರುವುದನ್ನು ಸೆಳೆದು ತರಲಾರದು. ಮೇಲಾಗಿ ಫೋನಿನ ಸುತ್ತ ಗಾಳಿ ಆಡದಂತೆ ಮಾಡುತ್ತದೆ. ಆ ಎರಡು ಫೋನುಗಳನ್ನೂ ಬಿಚ್ಚಿ ಬೋರ್ಡಿನ ಮೇಲಿನ ತಗಡಿನ ಶೀಲ್ಡ್ ಎತ್ತಿದಾಗ ಎರಡರಲ್ಲೂ ಐಸಿ ಎಂಬ ಚಿಪ್ಪುಗಳ ಅಂಚಿನಲ್ಲಿ ನೀರು ಹೊಳೆಯುತ್ತಿತ್ತು. ಕೂದಲೆಳೆಯಷ್ಟು ಸಂದಿಗೆ ತಾನಾಗಿ ನುಗ್ಗಿ ಕುಳಿತ ನೀರನ್ನು ಗಾಳಿಯೂ ಒಂದು ದಿನದಲ್ಲಿ ತೆಗೆಯಲಿಲ್ಲ, ಅಕ್ಕಿಯಂತೂ ಅದರ ಹತ್ತಿರಕ್ಕೂ ಹೋಗಲಿಲ್ಲ. ಐಫೋನ್ ತಯಾರಿಸುವ ಆಪಲ್ ಕಂಪನಿ ಕೂಡ ತನ್ನ ಅಧಿಕೃತ ಸೂಚನೆಯಲ್ಲಿ, ಅಕ್ಕಿಯ ಸಣ್ಣ ಕಣಗಳು ಫೋನಿಗೆ ಹಾನಿ ಮಾಡಬಹುದು, ಅದರಲ್ಲಿ ಇಡಬೇಡಿ ಎಂದು ಸ್ಪಷ್ಟವಾಗಿ ಹೇಳಿದೆ.

ಹಾಗಾದರೆ ಅಕ್ಕಿಯಲ್ಲಿಟ್ಟ ಎಷ್ಟೋ ಫೋನುಗಳು ಆನ್ ಆಗುತ್ತವಲ್ಲ ಎಂದು ಗ್ರಾಹಕರು ಕೇಳುತ್ತಾರೆ. ಎರಡು ದಿನ ಮುಟ್ಟದೆ ಬಿಟ್ಟದ್ದರಿಂದ ಅವು ಆನ್ ಆದವು. ಅದೇ ಎರಡು ದಿನ ಬರಿಯ ಮೇಜಿನ ಮೇಲಿದ್ದಿದ್ದರೂ ಆಗುತ್ತಿದ್ದವು. ನೀರು ಆರಿಹೋದ ಮೇಲೂ ಅದರಲ್ಲಿದ್ದ ಲವಣ ಮತ್ತು ಸೋಪು ಬೋರ್ಡಿನ ಮೇಲೆಯೇ ಉಳಿಯುತ್ತದೆ. ನಮ್ಮ ಕಡೆಯ ಜುಲೈ ತಿಂಗಳ ತೇವದ ಗಾಳಿ ಒಳಹೊಕ್ಕಾಗಲೆಲ್ಲ ಆ ಪುಡಿ ಮತ್ತೆ ಪಸೆಯಾಗುತ್ತದೆ, ಮತ್ತೆ ಲೋಹ ಕರಗುತ್ತದೆ. ಅಕ್ಕನ ಫೋನಿಗೆ ಮೂರು ವಾರ ಹಿಡಿದದ್ದು ಇದಕ್ಕೇ.

ಆ ಫೋನನ್ನು ಬಿಚ್ಚುವ ಮೊದಲೇ ಹೊರಗಿನಿಂದ ಮೂರು ಗುರುತುಗಳು ಸಿಕ್ಕವು. ಸಿಮ್ ಟ್ರೇಯ ಸಂದಿಗೆ ಟಾರ್ಚ್ ಬಿಟ್ಟು ನೋಡಿದಾಗ ನೀರು ತಾಗಿದರೆ ಬಣ್ಣ ಬದಲಿಸುವ, ಬಿಳಿಯಾಗಿರಬೇಕಿದ್ದ ಪುಟ್ಟ ಪಟ್ಟಿ ಕೆಂಪಾಗಿತ್ತು. ಚಾರ್ಜಿಂಗ್ ಪೋರ್ಟಿನ ನಾಲಗೆಯ ಮೇಲಿನ ಚಿನ್ನದ ಬಣ್ಣದ ಪಿನ್ನುಗಳಲ್ಲಿ ಚಾರ್ಜಿನ ವಿದ್ಯುತ್ ಬರುವ ಪಿನ್ನುಗಳು ಮಾತ್ರ ಕಪ್ಪಾಗಿದ್ದವು, ಮೂಲೆಯಲ್ಲಿ ಅಕ್ಕಿಯ ಹಿಟ್ಟು ಮೆತ್ತಿಕೊಂಡಿತ್ತು. ಬಳಸದೆ ಇಟ್ಟಿದ್ದರೂ ಕ್ಯಾಮೆರಾದ ಕೆಳಗಿನ ಒಂದು ಜಾಗ ಕೈಗೆ ಬೆಚ್ಚಗೆ ತಗುಲುತ್ತಿತ್ತು.

ಬ್ಯಾಟರಿ ಉಬ್ಬಿಲ್ಲ ಎಂದು ನೋಡಿಕೊಂಡು, ಹಿಂಬದಿ ತೆರೆದ ಕೂಡಲೇ ಮೊದಲು ಅದರ ಕನೆಕ್ಟರ್ ಕಳಚಿದೆ. ಶೀಲ್ಡಿನ ಅಡಿ, ಚಾರ್ಜಿಂಗ್ ಐಸಿಯ ಸುತ್ತ, ಸೋಪಿನ ಬಿಳಿ ಹೊಪ್ಪಳೆಯೂ ಅದರ ನಡುವೆ ಎಳ್ಳಿಗಿಂತ ಸಣ್ಣ ಕೆಪಾಸಿಟರ್ ಒಂದರ ಬುಡದಲ್ಲಿ ಹಸಿರು ಕಿಲುಬೂ ಇತ್ತು. ಡಿಸ್ಪ್ಲೇ, ಕ್ಯಾಮೆರಾ, ಸ್ಪೀಕರ್‌ಗಳನ್ನೆಲ್ಲ ಬೇರ್ಪಡಿಸಿ ಬರಿಯ ಬೋರ್ಡನ್ನು ಮೊದಲು ಡಿಸ್ಟಿಲ್ಡ್ ವಾಟರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ತೊಳೆದೆ. ಅನೇಕರು ನೇರವಾಗಿ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಸುರಿಯುತ್ತಾರೆ, ಆದರೆ ಲವಣವನ್ನು ಕರಗಿಸುವ ಗುಣ ಅದಕ್ಕೆ ಕಡಿಮೆ; ಲವಣವನ್ನು ನೀರೇ ಕರಗಿಸಬೇಕು, ಆ ನೀರನ್ನು ಐಪಿಎ ತನ್ನೊಡನೆ ಹೊರಗೆ ಒಯ್ಯಬೇಕು. ಆದ್ದರಿಂದ ಎರಡನೆಯ ಸಲ 99 ಶೇಕಡಾದ ಐಪಿಎಯಲ್ಲಿ ಉಜ್ಜಿದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ 70 ಶೇಕಡಾದ್ದರಲ್ಲಿ ಉಳಿದದ್ದು ನೀರೇ ಆದ್ದರಿಂದ ಈ ಕೆಲಸಕ್ಕೆ ಅದು ಆಗದು. ಐಪಿಎಯ ಆವಿಗೆ ಬೆಂಕಿ ಬೇಗ ಹತ್ತುವುದರಿಂದ ಕಿಟಕಿ ತೆರೆದಿಟ್ಟು, ಬಿಸಿಗಾಳಿಯ ಗನ್ ದೂರ ಇಟ್ಟು ಮಾಡುತ್ತೇನೆ.

ಬೋರ್ಡ್ ಚೆನ್ನಾಗಿ ಆರಿದ ಮೇಲೆ ಬ್ಯಾಟರಿಯ ಬದಲು ಪವರ್ ಸಪ್ಲೈನಿಂದ ನಾಲ್ಕು ವೋಲ್ಟ್ ಕೊಟ್ಟೆ. ಪವರ್ ಗುಂಡಿ ಒತ್ತುವ ಮೊದಲು ಸರಿಯಾದ ಬೋರ್ಡಿನಲ್ಲಿ ಮೀಟರ್ ಸೊನ್ನೆ ತೋರಿಸಬೇಕು, ಇಲ್ಲಿ 0.15 ಆಂಪಿಯರ್ ತೋರಿಸುತ್ತಿತ್ತು. ಆ ಲೆಕ್ಕದಲ್ಲಿ ರಾತ್ರಿಯ ಎಂಟು ಗಂಟೆಗೆ 1,200 ಮಿಲಿಆಂಪಿಯರ್ ಅವರ್ ಎಂದರೆ ಅವಳ 4,000ದ ಬ್ಯಾಟರಿಯಲ್ಲಿ 30 ಶೇಕಡಾ. ಫೋನಿನ ಸ್ವಂತ ಖರ್ಚು ಸೇರಿಸಿದರೆ ಅವಳು ಹೇಳಿದ 65ಕ್ಕೆ ಲೆಕ್ಕ ಸರಿಹೊಂದುತ್ತಿತ್ತು. ಹೊಸ ಬ್ಯಾಟರಿ ಹಾಕಿದ್ದರೆ ಅದೂ ಹೀಗೆಯೇ ಸೋರುತ್ತಿತ್ತು. ವಿದ್ಯುತ್ ಸೋರುವ ಜಾಗ ಬಿಸಿಯಾಗಿರುತ್ತದೆ, ಅದನ್ನು ಹುಡುಕಲು ಬೋರ್ಡಿನ ಮೇಲೆ ಎರಡು ಹನಿ ಐಪಿಎ ತೆಳುವಾಗಿ ಹರಡಿ ಕಣ್ಣಿಟ್ಟು ನೋಡಿದೆ. ಎಲ್ಲ ಕಡೆ ಒದ್ದೆ ಇರುವಾಗಲೇ ಅದೇ ಕಿಲುಬು ಹಿಡಿದಿದ್ದ ಕೆಪಾಸಿಟರಿನ ಸುತ್ತ ಚುಕ್ಕೆಯಷ್ಟು ಜಾಗ ಎಲ್ಲಕ್ಕಿಂತ ಮೊದಲು ಒಣಗಿತು, ಒರೆಸಿ ಮತ್ತೆ ಹಚ್ಚಿದಾಗಲೂ ಅಲ್ಲಿಯೇ. ಅದನ್ನು ತೆಗೆದೆ, ಮೀಟರ್ ಸೊನ್ನೆಗೆ ಬಂತು. ಅದೇ ಅಳತೆಯ ಇನ್ನೊಂದನ್ನು ಕೂರಿಸಿ, ಚಾರ್ಜಿಂಗ್ ಪೋರ್ಟಿನ ಚಿಕ್ಕ ಬೋರ್ಡನ್ನು ಪೂರ್ತಿ ಬದಲಾಯಿಸಿದೆ. ಕಪ್ಪಾದ ಪಿನ್ನನ್ನು ಉಜ್ಜಿ ಹೊಳಪು ಬರಿಸಿದರೆ ಮೇಲಿನ ಲೇಪ ಹೋಗಿ ಮತ್ತೆ ಬೇಗನೆ ಕಪ್ಪಾಗುತ್ತದೆ.

ಕೊಡುವಾಗ ಅಕ್ಕನಿಗೆ ನಾನು ಮುಚ್ಚುಮರೆಯಿಲ್ಲದೆ ಹೇಳಿದೆ: ಐಸಿಗಳ ಅಡಿಯ ಜಾಗ ನನ್ನ ಬ್ರಷ್ಷಿಗೂ ಕಣ್ಣಿಗೂ ಸಿಗುವುದಿಲ್ಲ, ಅಲ್ಲಿ ಸ್ವಲ್ಪ ಉಳಿದಿದ್ದರೂ ಇರಬಹುದು, ಆದ್ದರಿಂದ ಫೋಟೋಗಳನ್ನು ಇವತ್ತೇ ಬೇರೆ ಕಡೆ ಇಳಿಸಿಕೋ. ಒಣಗಿದ್ದರೂ ತೇವ ಇದೆ ಎಂಬ ಎಚ್ಚರಿಕೆ ಪದೇ ಪದೇ ಬಂದರೆ, ತಂತಿ ಅಲುಗಿಸಿದಾಗ ಮಾತ್ರ ಚಾರ್ಜ್ ಆದರೆ, ಸಿಮ್ ಆಗಾಗ ಕಾಣೆಯಾದರೆ, ಕಿವಿಗಿಟ್ಟಾಗ ಪರದೆ ಆರದೆ ಹೋದರೆ ಕೂಡಲೇ ತಾ ಎಂದೆ. ಅವಳು ಈಗ ತಿಂಗಳಿಗೊಮ್ಮೆ ಫೋನನ್ನು ನೂರಕ್ಕೆ ತುಂಬಿಸಿ, ಏರೋಪ್ಲೇನ್ ಮೋಡಿನಲ್ಲಿಟ್ಟು ಮಲಗಿ, ಬೆಳಗ್ಗೆ ಅಂಕಿ ನೋಡಿ ನನಗೆ ಹೇಳುತ್ತಾಳೆ. ಕಿವಿಯ ಸ್ಪೀಕರಿನ ದನಿ ಮೊದಲಿನಷ್ಟು ಗಟ್ಟಿಯಾಗಿಲ್ಲ, ಅದರ ಜಾಲರಿಯಲ್ಲಿ ಕುಳಿತ ಸೋಪು ಪೂರ್ತಿ ಬಿಡಲಿಲ್ಲ. ಕಳೆದ ತಿಂಗಳ ಬೆಳಗಿನ ಅಂಕಿ 98 ಇತ್ತು.