ಹೊಟ್ಟೆ ಕಲ್ಲಾಗಿತ್ತು, ರಕ್ತ ಮಾತ್ರ ಅರ್ಧ ಪ್ಯಾಡ್

ಜುಲೈ ತಿಂಗಳ ಒಂದು ಸಂಜೆ. ವಿರಾಜಪೇಟೆ ಕಡೆಯ ಒಂದು ತೋಟದ ಲೈನ್ ಮನೆಯಿಂದ 26 ವರ್ಷದ ಹೆಂಗಸನ್ನು ಜೀಪಿನಲ್ಲಿ ಕರೆತಂದರು. ಎರಡನೇ ಬಸುರಿ, 35 ವಾರ ತುಂಬಿತ್ತು. ನಾನು ದಕ್ಷಿಣ ಕೊಡಗಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರ್. ಆ ಹೊತ್ತಿಗೆ ಮಳೆ ಬಿಡದೆ ಸುರಿಯುತ್ತಿತ್ತು.

"ಮೇಡಂ, ಜಾಸ್ತಿ ರಕ್ತ ಏನೂ ಹೋಗಿಲ್ಲ, ಸ್ವಲ್ಪವೇ. ಆದರೆ ಹೊಟ್ಟೆನೋವು ತಡೆಯೋಕೆ ಆಗ್ತಿಲ್ಲ ಅಂತಾಳೆ" ಎಂದ ಗಂಡ. ಮಧ್ಯಾಹ್ನವೇ ಇನ್ನೊಂದು ಕಡೆ ತೋರಿಸಿದ್ದರು. ಅಲ್ಲಿ ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಕೊಟ್ಟು ಕಳಿಸಿದ್ದರು. ಪ್ಯಾಡ್ ತೆಗೆದು ನೋಡಿದೆ. ಅರ್ಧವೂ ನೆನೆದಿರಲಿಲ್ಲ. ರಕ್ತ ಕಪ್ಪಗೆ, ನೀರು ನೀರಾಗಿತ್ತು.

ಹೊಟ್ಟೆಯ ಮೇಲೆ ಅಂಗೈ ಇಟ್ಟಾಗ ನನಗೆ ಎದೆ ಧಸಕ್ಕೆಂದಿತು. ಹೆರಿಗೆ ನೋವಿನಲ್ಲಿ ಹೊಟ್ಟೆ ಬಿಗಿಯಾಗುತ್ತದೆ, ಮತ್ತೆ ಸಡಿಲಾಗುತ್ತದೆ. ಇದು ಸಡಿಲಾಗಲೇ ಇಲ್ಲ. ಒಂದು ನಿಮಿಷ ಕೈ ಹಾಗೇ ಇಟ್ಟೆ, ಎರಡು ನಿಮಿಷ ಇಟ್ಟೆ. ಮರದ ಹಲಗೆ ಮುಟ್ಟಿದ ಹಾಗೆ ಗಟ್ಟಿ. ಸ್ವಲ್ಪ ಒತ್ತಿದರೂ ಅವಳು ಕೈ ತಳ್ಳುತ್ತಿದ್ದಳು. ಮಗುವಿನ ತಲೆ ಎಲ್ಲಿ, ಬೆನ್ನು ಎಲ್ಲಿ ಎಂದು ಕೈಗೆ ಸಿಗಲೇ ಇಲ್ಲ.

ಸಿಸ್ಟರ್ ಬಿಪಿ ನೋಡಿ "110/70, ನಾರ್ಮಲ್ ಇದೆ ಮೇಡಂ" ಎಂದರು. ನಾಡಿ 128. ನಾನು ತಾಯಿ ಕಾರ್ಡ್ ತಿರುವಿದೆ. ಎರಡು ವಾರದ ಹಿಂದೆ ಆಶಾ ಅಕ್ಕ ಕರೆದುಕೊಂಡು ಹೋದಾಗ ಬರೆದಿದ್ದ ಬಿಪಿ 150/100. ಈಗಿನ 110 ನಾರ್ಮಲ್ ಅಲ್ಲ, ಇಳಿದು ಬಂದಿರುವ 110. ಬಿಪಿ ಜಾಸ್ತಿ ಇದ್ದ ಬಸುರಿಗೆ ಏಕಾಏಕಿ "ನಾರ್ಮಲ್" ಬಂದು, ನಾಡಿ ಓಡುತ್ತಿದ್ದರೆ, ರಕ್ತ ಎಲ್ಲೋ ಒಳಗೆ ಹೋಗುತ್ತಿದೆ ಎಂದೇ ಅರ್ಥ. ಬಿಪಿ ಇಲ್ಲದವರಲ್ಲೂ ಬಸುರಿನ ಮೈಯಲ್ಲಿ ರಕ್ತ ಹೆಚ್ಚಿರುವುದರಿಂದ ಒಂದು ಲೀಟರಿಗಿಂತ ಜಾಸ್ತಿ ಹೋಗುವವರೆಗೂ ಬಿಪಿ ಬೀಳದೇ ಇರಬಹುದು. ಅದಕ್ಕೇ ನಾನು ನಾಡಿಯ ಅಂಕಿ ಬಿಪಿಯ ಮೇಲಿನ ಅಂಕಿಯನ್ನು ದಾಟಿದೆಯಾ ಎಂದು ಮೊದಲು ನೋಡುತ್ತೇನೆ. ಇಲ್ಲಿ ದಾಟಿತ್ತು.

ಇದು ಅಬ್ರಪ್ಷನ್. ಮಾಸು ಇರಬೇಕಾದ ಜಾಗದಲ್ಲೇ ಇದೆ, ಆದರೆ ಮಗು ಹುಟ್ಟುವ ಮೊದಲೇ ಗರ್ಭಕೋಶದ ಗೋಡೆಯಿಂದ ಬಿಟ್ಟುಕೊಂಡಿದೆ. ರಕ್ತ ಗೋಡೆಗೂ ಮಾಸಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಅದು ಒತ್ತುವುದರಿಂದಲೇ ಆ ನೋವು, ಆ ಗಟ್ಟಿತನ. ಅದರಲ್ಲಿ ಸ್ವಲ್ಪ ಮಾತ್ರ ಅಂಚಿನಿಂದ ಜಾರಿ ಹೊರಗೆ ಬರುತ್ತದೆ. ಕೆಲವೊಮ್ಮೆ ಒಂದು ಹನಿಯೂ ಬರಲ್ಲ. ಪ್ಯಾಡ್ ನೋಡಿ ಲೆಕ್ಕ ಹಾಕಿದವರು ಮೋಸ ಹೋಗುವುದು ಇಲ್ಲೇ.

ಪ್ಲಾಸೆಂಟಾ ಪ್ರಿವಿಯಾ ಪೂರ್ತಿ ಬೇರೆ. ಅಲ್ಲಿ ಮಾಸು ಕೆಳಗೆ, ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೂತಿರುತ್ತದೆ. ರಕ್ತಕ್ಕೆ ಹೊರಗೆ ಬರಲು ದಾರಿ ತೆರೆದೇ ಇದೆ. ಅದೇ ವರ್ಷ ಬಂದ ಇನ್ನೊಬ್ಬಳನ್ನು ನೆನೆಸಿಕೊಳ್ಳುತ್ತೇನೆ. ಹಿಂದೆ ಎರಡು ಸಿಸೇರಿಯನ್ ಆಗಿದ್ದವಳು, ಈಗ 33 ವಾರ. ಬೆಳಗಿನ ಜಾವ ಮಲಗಿದ್ದಲ್ಲೇ ಒದ್ದೆ ಅನಿಸಿ ಎದ್ದಳಂತೆ. ಲೈಟ್ ಹಾಕಿದರೆ ನೈಟಿ, ಹಾಸಿಗೆ ಎಲ್ಲ ಕೆಂಪು. ನೋವು ಎಲ್ಲಿ ಎಂದರೆ "ನೋವೇ ಇಲ್ಲ ಮೇಡಂ, ಅದಕ್ಕೇ ಹೆದರಿಕೆ ಆಗ್ತಿದೆ" ಎಂದಳು. ಹೊಟ್ಟೆ ಮೆತ್ತಗಿತ್ತು. ಮಗು ಅಡ್ಡ ಮಲಗಿತ್ತು, ತಲೆ ಇಳಿಯಲು ಜಾಗವೇ ಇಲ್ಲ ಅಲ್ವಾ. ಎದೆಬಡಿತ 142, ಚೆನ್ನಾಗಿತ್ತು. ನೋಡಲು ಭಯವಾಗುವಷ್ಟು ರಕ್ತ, ಆದರೆ ಹೋದದ್ದು ಕಣ್ಣಿಗೆ ಕಂಡಷ್ಟೇ, ಅವಳ ಸುಸ್ತೂ ಅದಕ್ಕೆ ತಕ್ಕಷ್ಟೇ.

ಅವಳಲ್ಲಿ ನಾನು ಒಂದು ಕೆಲಸ ಮಾಡಲಿಲ್ಲ. ಕೆಳಗೆ ಕೈ ಹಾಕಿ ನೋಡಲಿಲ್ಲ. ಓದುವಾಗ ಒಮ್ಮೆ ರಾತ್ರಿ ಡ್ಯೂಟಿಯಲ್ಲಿ ಗ್ಲೌಸ್ ಹಾಕಿಕೊಂಡು ಇಂಥದ್ದೇ ಒಬ್ಬಳ ಹತ್ತಿರ ನಿಂತಿದ್ದೆ. ನಮ್ಮ ಸೀನಿಯರ್ ಮೇಡಂ ಹಿಂದಿನಿಂದ ಬಂದು ನನ್ನ ಮಣಿಕಟ್ಟು ಹಿಡಿದರು. "ಮಾಸು ಎಲ್ಲಿದೆ ಅಂತ ನೋಡಿದ್ದೀಯಾ?" ನೋಡಿರಲಿಲ್ಲ. ಬೆರಳು ಮಾಸಿಗೆ ತಗುಲಿದರೆ ಒಂದೇ ಕ್ಷಣದಲ್ಲಿ ನಲ್ಲಿ ತಿರುಗಿಸಿದ ಹಾಗೆ ರಕ್ತ ಬರುತ್ತದೆ. ಆ ಹಿಡಿತ ಇವತ್ತಿಗೂ ನನ್ನ ಕೈಯಲ್ಲಿದೆ. ಮೊದಲು ಸ್ಕ್ಯಾನ್. ಒಳಗಿನ ಪ್ರೋಬ್‌ನಿಂದ ಮಾಡುವ ಸ್ಕ್ಯಾನ್ ಸುರಕ್ಷಿತ. ಅದು ಗರ್ಭಕೋಶದ ಬಾಯಿಯ ಒಳಗೆ ಹೋಗಲ್ಲ, ಮಾಸಿನ ಅಂಚು ಬಾಯಿಯಿಂದ ಎಷ್ಟು ದೂರ ಎಂದು ಹೊಟ್ಟೆ ಮೇಲಿನ ಸ್ಕ್ಯಾನ್‌ಗಿಂತ ಚೆನ್ನಾಗಿ ತೋರಿಸುತ್ತದೆ. ಅವಳಲ್ಲಿ ಮಾಸು ಪೂರ್ತಿ ಬಾಯಿ ಮುಚ್ಚಿತ್ತು, ಅದೂ ಹಳೆಯ ಸಿಸೇರಿಯನ್ ಗಾಯದ ಮೇಲೆ. ಹಾಗಿದ್ದಾಗ ಮಾಸು ಗೋಡೆಯೊಳಗೇ ಬೇರು ಬಿಟ್ಟಿರಬಹುದು. ಅದು ಸಣ್ಣ ಆಸ್ಪತ್ರೆಯ ಕೆಲಸ ಅಲ್ಲ. ರಕ್ತ ನಿಂತಿತು. ಮಗುವಿನ ಶ್ವಾಸಕೋಶಕ್ಕೆ ಡೆಕ್ಸಾಮೆಥಸೋನ್ 6 ಮಿ.ಗ್ರಾಂ ಮೊದಲ ಡೋಸ್ ಕೊಟ್ಟು, ಎರಡು ಲೈನ್ ಹಾಕಿ, ಸಿಸ್ಟರ್ ಒಬ್ಬರನ್ನು ಜೊತೆ ಕೂರಿಸಿ, ಮೈಸೂರಿಗೆ ಕಳಿಸಿದೆ. ಪ್ರಿವಿಯಾದ ಮೊದಲ ರಕ್ತ ಹೆಚ್ಚಾಗಿ ತಾನೇ ನಿಲ್ಲುತ್ತದೆ. ಆ ಬಿಡುವಿನಲ್ಲೇ ಸಾಗಿಸಬೇಕು. ಮುಂದಿನ ಸಲ ಎಷ್ಟು ಹೋಗುತ್ತದೋ ಹೇಳಕ್ಕಾಗಲ್ಲ.

ಜೀಪಿನಲ್ಲಿ ಬಂದ ಈ ಹುಡುಗಿಯಲ್ಲಿ ಅಂಥ ಬಿಡುವು ಇರಲಿಲ್ಲ. ಎಡ ಮಗ್ಗುಲಿಗೆ ಮಲಗಿಸಿ ಆಕ್ಸಿಜನ್ ಕೊಟ್ಟೆವು. ಎರಡೂ ಕೈಗೆ ದಪ್ಪ ಸೂಜಿ, ಬೂದು ಬಣ್ಣದ 16 ನಂಬರ್. ಗ್ರೂಪಿಂಗ್, ಕ್ರಾಸ್ ಮ್ಯಾಚ್‌ಗೆ ರಕ್ತ ತೆಗೆದು ಬೆಚ್ಚಗಿನ ಆರ್‌ಎಲ್ ಡ್ರಿಪ್ ಓಡಿಸಿದೆವು. ಮೂತ್ರದ ಟ್ಯೂಬ್ ಹಾಕಿದಾಗ ಬಂದದ್ದು 40 ಎಂಎಲ್, ಚಹಾ ಬಣ್ಣ. ಹೊಟ್ಟೆಯ ಮೇಲೆ ಗರ್ಭಕೋಶದ ತುದಿಗೆ ಪೆನ್ನಿನಿಂದ ಗೆರೆ ಎಳೆದೆ. ಗಂಟೆ ಕಳೆದ ಮೇಲೆ ತುದಿ ಗೆರೆಯ ಮೇಲೆ ಒಂದು ಬೆರಳು ಏರಿತ್ತು. ಅಷ್ಟು ರಕ್ತ ಒಳಗೆ ಸೇರಿತ್ತು.

ಸ್ಕ್ಯಾನ್‌ನಲ್ಲಿ ಮಗುವಿನ ಹೃದಯ ನಿಂತಿತ್ತು. ಮಾಸು ಮೇಲೆ ಇತ್ತು, ಪ್ರಿವಿಯಾ ಅಲ್ಲ ಎನ್ನುವುದು ಖಚಿತವಾಯಿತು. ಮಾಸಿನ ಹಿಂದಿನ ರಕ್ತ ಮಾತ್ರ ಕಾಣಲಿಲ್ಲ. ಹೊಸ ರಕ್ತ ಸ್ಕ್ಯಾನ್‌ನಲ್ಲಿ ಮಾಸಿನ ಹಾಗೇ ಕಾಣುತ್ತದೆ. ಅದಕ್ಕೇ "ಸ್ಕ್ಯಾನ್‌ನಲ್ಲಿ ಏನೂ ಇಲ್ಲ" ಎಂದು ಅಬ್ರಪ್ಷನ್ ಅನ್ನು ತಳ್ಳಿ ಹಾಕಬಾರದು. ಸ್ಕ್ಯಾನ್ ಪ್ರಿವಿಯಾ ಹೇಳುತ್ತದೆ, ಅಬ್ರಪ್ಷನ್ ಅನ್ನು ಕೈ ಹೇಳಬೇಕು.

ಆಮೇಲೆ ನನಗೆ ಬಲು ಮುಖ್ಯವಾದ ಪರೀಕ್ಷೆ. ಲ್ಯಾಬ್ ಹುಡುಗ ಬರುವ ತನಕ ಕಾಯಲಿಲ್ಲ. ಸುಮಾರು 2 ಎಂಎಲ್ ರಕ್ತವನ್ನು ಖಾಲಿ ಗಾಜಿನ ಟ್ಯೂಬಿಗೆ ಹಾಕಿ, ಮುಷ್ಟಿಯಲ್ಲಿ ಹಿಡಿದು ಬೆಚ್ಚಗಿಟ್ಟೆ. ನಾಲ್ಕು ನಿಮಿಷಕ್ಕೆ ಮೆಲ್ಲಗೆ ಓರೆ ಮಾಡಿ ನೋಡಿದೆ, ಮತ್ತೆ ನಿಮಿಷಕ್ಕೊಮ್ಮೆ ನೋಡಿದೆ. ಒಳ್ಳೆ ರಕ್ತ ಏಳು ನಿಮಿಷದೊಳಗೆ ಗಟ್ಟಿ ಹೆಪ್ಪಾಗಿ, ಟ್ಯೂಬ್ ಮಗುಚಿದರೂ ಬೀಳಲ್ಲ. ಇವಳದ್ದು ಎಂಟು ನಿಮಿಷವಾದರೂ ಸಾರಿನ ಹಾಗೆ ಅಲುಗಾಡುತ್ತಿತ್ತು. ಸೂಜಿ ಚುಚ್ಚಿದ ಜಾಗದಲ್ಲೂ ರಕ್ತ ಜಿನುಗುತ್ತಿತ್ತು. ಹೆಪ್ಪುಗಟ್ಟಿಸುವ ಸರಕೆಲ್ಲ ಮಾಸಿನ ಹಿಂದೆ ಖರ್ಚಾಗಿ ಹೋಗಿತ್ತು.

ಗಂಡ ಕೇಳಿದ, "ಆಪರೇಷನ್ ಮಾಡಿ ಬೇಗ ತೆಗೆದುಬಿಡಿ ಮೇಡಂ." ಮಗು ಉಳಿದಿಲ್ಲ ಎಂದು ಅವನನ್ನು ಕೂರಿಸಿ ಹೇಳಿದೆ. ಯಾಕೆ ಕೊಯ್ಯಬಾರದು ಎಂದೂ ಹೇಳಿದೆ. ಮಗುವಿನ ಹೃದಯ ಬಡಿಯುತ್ತಿದ್ದರೆ ನಿಮಿಷಗಳಲ್ಲಿ ಸಿಸೇರಿಯನ್ ಮಾಡುತ್ತಿದ್ದೆ. ಈಗ ಹೆಪ್ಪುಗಟ್ಟದ ರಕ್ತ ಇಟ್ಟುಕೊಂಡು ಹೊಟ್ಟೆ ತೆರೆದರೆ ಪ್ರತಿ ಹೊಲಿಗೆಯಿಂದಲೂ ರಕ್ತ ಬರುತ್ತದೆ. ಹೆರಿಗೆಯೇ ಆಗಲಿ, ಆದರೆ ಬೇಗ ಆಗಲಿ. ಅದು ಮುಂದುವರೆಯದಿದ್ದರೆ ಅಥವಾ ರಕ್ತ ಕೈಮೀರಿದರೆ ಆಪರೇಷನ್ ಮಾಡಲೇಬೇಕು ಎಂದು ಅನಸ್ತೇಷಿಯಾ ಡಾಕ್ಟರನ್ನು ಪಕ್ಕದಲ್ಲೇ ಇರಿಸಿಕೊಂಡೆ. ಆ ಸ್ಥಿತಿಯಲ್ಲಿ ಅವಳನ್ನು ಮಳೆಯ ರಸ್ತೆಯಲ್ಲಿ ಮೂರು ಗಂಟೆ ಸಾಗಿಸುವುದಕ್ಕಿಂತ, 30 ಕಿಲೋಮೀಟರ್ ದೂರದ ಮಡಿಕೇರಿಯಿಂದ ರಕ್ತ ತರಿಸುವುದೇ ಸರಿ ಎನಿಸಿತು. ಅವಳ ಮೈದುನ ಐಸ್ ಡಬ್ಬಿ ಹಿಡಿದು ಜೀಪಿನಲ್ಲಿ ಹೊರಟ. ನಮ್ಮಲ್ಲಿದ್ದ ಎರಡು ಬಾಟಲಿ ಮೊದಲು ಹಾಕಿದೆವು. ಅವನು ನಾಲ್ಕು ಪ್ಯಾಕ್ಡ್ ಸೆಲ್, ನಾಲ್ಕು ಪ್ಲಾಸ್ಮಾ ತಂದ. ಹೆಪ್ಪು ಕಟ್ಟಿಸುವುದು ಪ್ಲಾಸ್ಮಾ, ಬರೀ ಕೆಂಪು ರಕ್ತ ಸುರಿದರೆ ಸಾಲದು.

ಈಗ ಕೈ ಹಾಕಿ ನೋಡಿದೆ, ಪ್ರಿವಿಯಾ ಇಲ್ಲ ಎಂದು ಗೊತ್ತಿತ್ತಲ್ಲ. ಗರ್ಭಕೋಶದ ಬಾಯಿ ನಾಲ್ಕು ಸೆಂಟಿಮೀಟರ್ ತೆರೆದಿತ್ತು. ನೀರಿನ ಚೀಲ ಒಡೆದೆ. ಕೆಂಪು ನೀರು ಬಂತು. ಒಳಗಿನ ಒತ್ತಡ ಇಳಿಯಿತು, ನೋವೂ ಸ್ವಲ್ಪ ತಗ್ಗಿತು. ಹೆರಿಗೆ ಬೇಗ ಆಗಲು ಆಕ್ಸಿಟೋಸಿನ್ ಡ್ರಿಪ್ ಹಾಕಿದೆವು. ರಕ್ತ ತುಂಬುತ್ತಾ ಬಂದಾಗ ಬಿಪಿ 160/110ಕ್ಕೆ ಏರಿತು. ಅಡಗಿದ್ದ ಬಿಪಿ ಆಗ ಮುಖ ತೋರಿಸಿತು. ಫಿಟ್ಸ್ ಬರದಂತೆ ಮ್ಯಾಗ್ನೀಷಿಯಂ ಸಲ್ಫೇಟ್, ಬಿಪಿಗೆ ಲ್ಯಾಬೆಟಾಲಾಲ್ ಕೊಟ್ಟೆವು. ಆರ್‌ಎಲ್ ನಿಧಾನ ಮಾಡಿದೆವು, ಇಂಥವರ ಶ್ವಾಸಕೋಶಕ್ಕೆ ನೀರು ಬೇಗ ತುಂಬುತ್ತದೆ.

ಸುಮಾರು ನಾಲ್ಕು ಗಂಟೆಯಲ್ಲಿ ಹೆರಿಗೆ ಆಯಿತು. ಮಗುವಿನ ಹಿಂದೆಯೇ ಮಾಸು, ಅದರ ಹಿಂದೆ ಲಿವರ್ ತುಂಡಿನಂಥ ಕಪ್ಪು ಹೆಪ್ಪು. ಅಳತೆ ಜಗ್‌ಗೆ ಹಾಕಿ ನೋಡಿದರೆ 900 ಎಂಎಲ್. ಮಾಸನ್ನು ತಿರುಗಿಸಿದೆ. ಹೆಪ್ಪು ಕೂತಿದ್ದ ಜಾಗ ಬಟ್ಟಲಿನ ಹಾಗೆ ಒಳಗೆ ತಗ್ಗಾಗಿತ್ತು.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ರಕ್ತ ನೆನೆದ ಗರ್ಭಕೋಶ ಸರಿಯಾಗಿ ಕುಗ್ಗುವುದಿಲ್ಲ, ಹಾಗಾಗಿ ಹೆರಿಗೆಯ ನಂತರದ ರಕ್ತಸ್ರಾವ ಬಂದೇ ಬರುತ್ತದೆ ಎಂದುಕೊಂಡೇ ನಿಂತಿರಬೇಕು. ಆಕ್ಸಿಟೋಸಿನ್ 10 ಯೂನಿಟ್, ಹೊಟ್ಟೆ ಉಜ್ಜುವುದು, ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ಹತ್ತು ನಿಮಿಷದಲ್ಲಿ. ಗರ್ಭಕೋಶ ಕುಗ್ಗಿಸುವ ಮೆಥರ್ಜಿನ್ ಕೊಡಲಿಲ್ಲ, ಬಿಪಿ ಇದ್ದವರಿಗೆ ಅದು ಅಪಾಯ. ರಾತ್ರಿ ಎರಡಕ್ಕೆ ಟ್ಯೂಬಿನಲ್ಲಿ ಮತ್ತೆ ರಕ್ತ ಹಾಕಿ ಹಿಡಿದೆ. ಆರು ನಿಮಿಷಕ್ಕೆ ಹೆಪ್ಪಾಯಿತು. ಮೂತ್ರ ಗಂಟೆಗೆ 30 ಎಂಎಲ್ ದಾಟಿತು. ಆಗ ನಾನು ಕೂತೆ.

ಅಬ್ರಪ್ಷನ್, ಪ್ರಿವಿಯಾ ಎರಡೂ ಯಾವಾಗಲೂ ಇಷ್ಟು ಸ್ಪಷ್ಟವಾಗಿ ಬರಲ್ಲ. ಮಾಸು ಹಿಂದಿನ ಗೋಡೆಯಲ್ಲಿದ್ದರೆ ಅಬ್ರಪ್ಷನ್ ಬರೀ ಸೊಂಟನೋವಾಗಿ ಬರಬಹುದು. ಪ್ರಿವಿಯಾದವಳಿಗೆ ಹೆರಿಗೆ ನೋವು ಶುರುವಾಗಿದ್ದರೆ ಅಲ್ಲೂ ನೋವಿರುತ್ತದೆ. ಒಬ್ಬಳಲ್ಲೇ ಎರಡೂ ಇರುವುದೂ ಉಂಟು.

ಎಂಟನೇ ದಿನ ಅವಳು ಮನೆಗೆ ಹೋದಳು. ಮುಂದಿನ ಬಸುರಿನಲ್ಲೂ ಇದು ಮರುಕಳಿಸಬಹುದು, 12 ವಾರಕ್ಕೇ ಬಂದು ಬಿಡು, ಬಿಪಿ ತಡೆಯಲು ಆಸ್ಪಿರಿನ್ ಮಾತ್ರೆ ಶುರು ಮಾಡಬೇಕು ಎಂದು ಕಾರ್ಡಿನ ಹಿಂದೆ ದೊಡ್ಡದಾಗಿ ಬರೆದುಕೊಟ್ಟೆ. ಆ ತೋಟದ ಆಶಾ ಅಕ್ಕ ಈಗ ಫೋನ್ ಮಾಡುವ ರೀತಿ ಬದಲಾಗಿದೆ. ಮೊದಲೆಲ್ಲ "ತುಂಬಾ ರಕ್ತ ಹೋಗಿದೆ" ಅಥವಾ "ಸ್ವಲ್ಪ ಹೋಗಿದೆ" ಎನ್ನುತ್ತಿದ್ದರು. ಮೊನ್ನೆ ರಾತ್ರಿ ಫೋನ್ ಎತ್ತಿದ ಕೂಡಲೇ ಹೇಳಿದರು: "ಮೇಡಂ, 32 ವಾರ, ಕೆಂಪು ರಕ್ತ ಹೋಗ್ತಿದೆ, ಹೊಟ್ಟೆ ಮೆತ್ತಗಿದೆ, ನೋವಿಲ್ಲ, ನಾಡಿ 96. ಯಾರೂ ಕೈ ಹಾಕಿಲ್ಲ. 108ರಲ್ಲಿ ಹೊರಟಿದ್ದೀವಿ."